ಒದೆಯೋ ಹಸಕ್ಕೆ ಹಗ್ಗ ಹಾಕೋ ಮುಂಚೆ ತೊಟ್ಟಿನ ತುದಿ ನೋಡಿ

ಈ ಸಲದ ಬರಹ ಸ್ವಲ್ಪ ಉದ್ದ ಇದೆ. ಸಂಜೆ ಡೈರಿಗೆ ಹಾಲು ಹಾಕಿ ಬಂದು, ಕಾಲು ತೊಳ್ಕೊಂಡು ಕೂತ ಮೇಲೆ ಓದಿ.

ನಮ್ಮ ಕೊಟ್ಟಿಗೇಲಿ ಈಗ ಕರಾವು ನಾಲ್ಕು ಇವೆ, ನಾಲ್ಕೂ ಸೀಮೆ ಹಸ. ಅದರಲ್ಲಿ ಗೌರಿ ಅಂತ ಒಂದು, ಎರಡನೇ ಕರು ಹಾಕಿರೋದು. ಬೆಳಿಗ್ಗೆ ಎಂಟು ಲೀಟರ್, ಸಂಜೆ ಆರು ಕೊಡ್ತಿತ್ತು. ಮಗು ಹೋಗಿ ಕೆಚ್ಚಲು ಮುಟ್ಟಿದರೂ ಅಲ್ಲಾಡದ ಸಾಧು ಹಸ. ನನ್ನ ಹೆಂಡತಿಗೆ ಕೈ ಜೋಮು ಹಿಡಿದು, ರಾತ್ರಿ ಮಣಿಕಟ್ಟು ನೋವು ಅಂತ ನಿದ್ದೆ ಇಲ್ಲದ ಹಾಗಾದಾಗ ಒಂದು ಬಕೆಟ್ಟಿನ ಮಿಲ್ಕಿಂಗ್ ಮಿಷನ್ ತಂದೆ. ಮೊದಲ ಒಂದು ತಿಂಗಳು ಯಾವ ತಕರಾರೂ ಇರಲಿಲ್ಲ. ಆಮೇಲೆ ಗೌರಿ ಕಾಲು ಎತ್ತೋಕೆ ಶುರು ಮಾಡ್ತು. ಮಿಷನ್ ಹಾಕಿದ ಕೂಡಲೇ ಅಲ್ಲ, ಇನ್ನೇನು ಮುಗೀತು ಅನ್ನೋ ಹೊತ್ತಿಗೆ. ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸೋದು, ಬಾಲ ಬೀಸೋದು, ಕಡೆಗೆ ಒಂದು ಒದೆ, ಕಪ್ಪುಗಳೆಲ್ಲ ಸಗಣಿ ಮೇಲೆ. ನಾನು ಏನು ಮಾಡಿದೆ ಅಂದ್ರೆ, ಹಿಂಗಾಲು ಎರಡಕ್ಕೂ ಹಗ್ಗ ಹಾಕಿ ಕಟ್ಟಿದೆ. ಹನ್ನೆರಡು ದಿನ ಹಂಗೇ ಕಟ್ಟಿ ಕರೆದೆ. ಹದಿಮೂರನೇ ದಿನ ಮುಂದಿನ ಎಡ ತೊಟ್ಟಲ್ಲಿ ಮೊಸರು ಒಡೆದ ಹಾಗೆ ಗರಣೆ ಬಂತು, ಆ ಭಾಗ ಕೆಂಪಗೆ ಬಿಸಿ ಆಗಿತ್ತು. ಕೆಚ್ಚಲು ಬಾವು.

ನಮ್ಮಮ್ಮ ಅಂದರು, "ಕೈಲಿ ಕರೀತಿದ್ದಾಗ ಇವೆಲ್ಲ ಇತ್ತೇನೋ? ಮಿಷನ್ ತಂದು ಬಂಗಾರದಂಥ ಹಸ ಹಾಳು ಮಾಡ್ದೆ."

ಡಾಕ್ಟ್ರು ಬಂದರು. ಔಷಧಿ ತೆಗೆಯೋಕೆ ಮುಂಚೆ ಅವರು ಹೇಳಿದ ಮೊದಲನೇ ಮಾತು, "ಮೊದ್ಲು ಹಗ್ಗ ಬಿಚ್ಚಪ್ಪ, ಅದು ಏನೋ ಹೇಳ್ತಾ ಇದೆ. ತೊಟ್ಟಿನ ತುದಿ ಯಾವತ್ತಾದ್ರೂ ನೋಡಿದ್ಯಾ?" ನೋಡಿರಲಿಲ್ಲ. ಇಪ್ಪತ್ತು ವರ್ಷದಿಂದ ಹಸ ಸಾಕ್ತಿದೀನಿ, ಬಗ್ಗಿ ತೊಟ್ಟಿನ ತುದಿ ನೋಡಿರಲಿಲ್ಲ. ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ತೂತಿನ ಸುತ್ತ ಬಿಳೀ ಉಂಗುರ ಎದ್ದಿತ್ತು. ಬೆರಳು ಸವರಿದರೆ ನಯ ಇಲ್ಲ, ಎಳೆ ಎಳೆಯಾಗಿ ಸಿಡಿದ ಹೂಕೋಸಿನ ಅಂಚಿನ ಹಾಗೆ ಒರಟು. ಮುಂದಿನ ಎರಡು ತೊಟ್ಟಲ್ಲಿ ಜಾಸ್ತಿ, ಹಿಂದಿನ ಎರಡರಲ್ಲಿ ಕಮ್ಮಿ.

ಆಮೇಲೆ ಅವರು ಪಕ್ಕದಲ್ಲಿದ್ದ ಲಕ್ಷ್ಮಿ ಹತ್ರ ಹೋದರು. ಅದು ಮೂರು ತೊಟ್ಟಿನ ಹಸ, ಹಿಂದಿನ ಬಲ ತೊಟ್ಟು ಮಿಷನ್ ಬರೋಕೆ ಮುಂಚೇನೇ ಕಟ್ಟಿಹೋಗಿತ್ತು. ಆ ತೊಟ್ಟನ್ನ ಎರಡು ಬೆರಳಲ್ಲಿ ಉರುಳಿಸಿ ನೋಡಿ, ನನ್ನ ಕೈ ಹಿಡಿದು ಅಲ್ಲಿ ಇಟ್ಟರು. ಒಳಗೆ ಬಟಾಣಿ ಕಾಳಷ್ಟು ಗಟ್ಟಿ ಗಂಟು. "ಇದನ್ನ ಯಾವ ಮಿಷನ್ ಮಾಡ್ತು? ಇದು ಹೆಬ್ಬೆರಳು ಮಾಡಿದ ಕೆಲಸ" ಅಂದರು. ಅಮ್ಮ ಸುಮ್ಮನಾದರು, ನಾನೂ ಸುಮ್ಮನಾದೆ. ಯಾಕಂದ್ರೆ ಲಕ್ಷ್ಮೀನ ಕರೀತಿದ್ದೋನು ನಾನೇ.

ಕೈಯಲ್ಲಿ ಕರೆದರೆ ಒಳ್ಳೇದಾ, ಮಿಷನ್ ಒಳ್ಳೇದಾ ಅಂತ ಊರಲ್ಲಿ ಅರಳೀಕಟ್ಟೆ ಮೇಲೆ ದಿನಾ ಜಗಳ ಆಡ್ತೀವಿ. ನಾನು ಎರಡರಲ್ಲೂ ಒಂದೊಂದು ತೊಟ್ಟು ಕೆಡಿಸಿದೋನು, ಅದಕ್ಕೇ ಬರೀತಿದೀನಿ. ಕೈ ಆಗಲಿ, ಮಿಷನ್ ಆಗಲಿ, ಕೆಡೋ ಜಾಗ ಮಾತ್ರ ಒಂದೇ.

ಆ ಜಾಗ ಯಾವುದು ಅಂದ್ರೆ ತೊಟ್ಟಿನ ತುದೀಲಿರೋ ನಾಳ. ಬರೀ ಒಂದು ಸೆಂಟಿಮೀಟರ್ ಉದ್ದ. ಸುತ್ತ ಒಂದು ಸ್ನಾಯುವಿನ ಬಳೆ ಇದೆ, ಅದು ಬಿಗಿಯಾಗಿ ಮುಚ್ಚಿಕೊಂಡಿರುತ್ತೆ. ನಾಳದ ಒಳಗೋಡೆಗೆ ಮೇಣದ ಥರ ಒಂದು ಪದರ ಮೆತ್ತಿಕೊಂಡಿರುತ್ತೆ. ಕೊಟ್ಟಿಗೆಯ ಗಂಜಲ, ಸಗಣೀಲಿರೋ ಕ್ರಿಮಿ ಮೇಲೆ ಹತ್ತದ ಹಾಗೆ ತಡೆಯೋದು ಈ ಬಳೆ ಮತ್ತೆ ಈ ಮೇಣ ಎರಡೇ. ಮನೆಗೆ ಒಂದೇ ಬಾಗಿಲು ಇದ್ದ ಹಾಗೆ. ಬಾಗಿಲು ನೆಟ್ಟಗಿದ್ದರೆ ಕ್ರಿಮಿ ಹೊರಗೇ ಉಳಿಯುತ್ತೆ. ಬಾಗಿಲು ಮುರಿದರೆ ಎಷ್ಟು ಟ್ಯೂಬು ಹಾಕಿದರೂ ಬಾವು ಮತ್ತೆ ಮತ್ತೆ ಬರ್ತಾನೇ ಇರುತ್ತೆ.

ಮೊದಲು ಕೈ ವಿಷಯ. ನಮ್ಮ ಕಡೆ ಮುಕ್ಕಾಲು ಪಾಲು ಜನ ಹೆಬ್ಬೆರಳು ಒಳಗೆ ಮಡಿಸಿ, ಅದರ ಗೆಣ್ಣು ತೊಟ್ಟಿಗೆ ಒತ್ತಿ ಕರೀತಾರೆ. ಬೇಗ ಆಗುತ್ತೆ, ಬೆರಳಿಗೆ ಆಯಾಸ ಕಮ್ಮಿ ಅನ್ಸುತ್ತೆ. ಆದರೆ ಗೆಣ್ಣು ಅಂದ್ರೆ ಮೂಳೆ. ತೊಟ್ಟಿನ ಒಳಗಿನ ಪೊರೆ ನಮ್ಮ ಬಾಯೊಳಗಿನ ಕೆನ್ನೆಯಷ್ಟು ಮೆತ್ತಗೆ. ದಿನಕ್ಕೆ ಎರಡು ಹೊತ್ತು, ಹೊತ್ತಿಗೆ ನೂರಾರು ಸಲ ಮೂಳೆ ಒಂದೇ ಜಾಗಕ್ಕೆ ಒತ್ತಿದರೆ ಅಲ್ಲಿ ಗಾಯ ಆಗುತ್ತೆ, ಗಾಯ ಮಾಗಿ ಗಂಟಾಗುತ್ತೆ, ಗಂಟು ಬೆಳೆದು ಹಾಲಿನ ದಾರಿ ಕಟ್ಟುತ್ತೆ. ಲಕ್ಷ್ಮಿಗೆ ಆಗಿದ್ದು ಇದೇ. ಮೊದಲು ಆ ತೊಟ್ಟಿನ ಧಾರೆ ಸಣ್ಣ ಆಯ್ತು, ನಾನು ಇನ್ನೂ ಜೋರಾಗಿ ಒತ್ತಿದೆ, ಆರು ತಿಂಗಳಲ್ಲಿ ನಿಂತೇ ಹೋಯ್ತು.

ಇನ್ನೊಂದು ತಪ್ಪು, ಎರಡು ಬೆರಳಿನ ಮಧ್ಯೆ ತೊಟ್ಟು ಹಿಡಿದು ಮೇಲಿಂದ ಕೆಳಕ್ಕೆ ಜಾರಿಸಿ ಎಳೆಯೋದು. ಅದು ಜಾರಬೇಕು ಅಂತ ಬೆರಳಿಗೆ ಹಾಲು ಹಚ್ಕೋತೀವಿ, ಕೆಲವರು ಉಗುಳೂ ಹಚ್ತಾರೆ. ಒದ್ದೆ ತೊಟ್ಟಿನ ಚರ್ಮ ಗಾಳಿಗೆ ಒಣಗಿ ಸೀಳು ಬಿಡುತ್ತೆ, ಸೀಳಲ್ಲಿ ಕ್ರಿಮಿ ಕೂರುತ್ತೆ, ಕೈಯಿಂದ ಒಂದು ಹಸದ ರೋಗ ಇನ್ನೊಂದಕ್ಕೆ ಹೋಗುತ್ತೆ. ಎಳೆದು ಎಳೆದು ತೊಟ್ಟು ಉದ್ದ ಆಗೋದು ಬೇರೆ.

ಸರಿಯಾದ ಕ್ರಮ ಅಂದ್ರೆ ಇಡೀ ಮುಷ್ಟಿ. ಹೆಬ್ಬೆರಳನ್ನ ಮಡಿಸದೆ ತೊಟ್ಟಿನ ಹೊರಗಡೆ ನೆಟ್ಟಗೆ ಇಡಿ. ಮೊದಲು ಹೆಬ್ಬೆರಳು ಮತ್ತೆ ತೋರುಬೆರಳಿಂದ ತೊಟ್ಟಿನ ಬುಡ ಉಂಗುರದ ಹಾಗೆ ಮುಚ್ಚಿ. ಈಗ ತೊಟ್ಟಲ್ಲಿ ತುಂಬಿರೋ ಹಾಲು ಮೇಲಕ್ಕೆ ವಾಪಸ್ ಹೋಗಲ್ಲ. ಆಮೇಲೆ ನಡುಬೆರಳು, ಉಂಗುರಬೆರಳು, ಕಿರುಬೆರಳು ಒಂದರ ಹಿಂದೆ ಒಂದು ಅಂಗೈಗೆ ಒತ್ತುತ್ತಾ ಬರಲಿ. ಹಾಲು ತಾನೇ ಕೆಳಗಿನ ಬಾಗಿಲು ತಳ್ಳಿಕೊಂಡು ಬರುತ್ತೆ. ಕೈ ಕೆಳಕ್ಕೆ ಎಳೀಬಾರದು, ಇದ್ದಲ್ಲೇ ಒತ್ತಿ, ಇದ್ದಲ್ಲೇ ಬಿಡಬೇಕು. ಬಿಟ್ಟಾಗ ಪೂರ್ತಿ ಬಿಡಿ, ಮೇಲಿಂದ ಹಾಲು ಮತ್ತೆ ತುಂಬಲಿ. ಕೈ ಒಣಗಿರಬೇಕು, ಉಗುರು ಕತ್ತರಿಸಿರಬೇಕು, ಉಂಗುರ ತೆಗೆದಿಟ್ಟಿರಬೇಕು.

ನೀವು ಸರಿಯಾಗಿ ಕರೀತಿದೀರಾ ಅಂತ ತಿಳಿಯೋಕೆ ಒಂದು ಗುರುತಿದೆ. ನಿಮ್ಮ ಹೆಬ್ಬೆರಳಿನ ಗೆಣ್ಣಿನ ಮೇಲೆ ಕಾಯಿ ಕಟ್ಟಿದ್ದರೆ ಮಡಿಸಿ ಕರೀತಿದೀರ ಅಂತಾನೇ ಅರ್ಥ. ನನಗೆ ಇತ್ತು. ಅಭ್ಯಾಸ ಬಿಡೋಕೆ ಎರಡು ವಾರ ಹಿಡೀತು, ಮೊದಲ ನಾಲ್ಕು ದಿನ ಮುಂಗೈ ಎಲ್ಲ ನೋವು. ಹಸ ಮಾತ್ರ ಎರಡನೇ ದಿನಕ್ಕೇ ಬದಲಾವಣೆ ಕಂಡ್ಕೊಂಡಿತ್ತು.

ಇಲ್ಲಿ ಒಂದು ಮಿತಿ ಹೇಳಲೇಬೇಕು. ಮೊದಲ ಕರು ಹಾಕಿದ ಸೀಮೆ ಪಡ್ಡೆಗಳಿಗೆ ತೊಟ್ಟು ಗಿಡ್ಡ, ಎರಡು ಬೆರಳಿಗಷ್ಟೇ ಸಿಗೋದು, ಮುಷ್ಟಿ ಹಿಡಿಯೋಕಾಗಲ್ಲ. ಅಂಥ ಹಸಕ್ಕೆ ಕೈಗಿಂತ ನೆಟ್ಟಗಿರೋ ಮಿಷನ್ನೇ ಮೇಲು. ಕೈಲೇ ಕರೆಯಬೇಕಾದರೆ ಜಾರಿಸಿ ಎಳೆಯೋ ಬದಲು ಎರಡು ಬೆರಳಲ್ಲಿ ಬುಡ ಹಿಡಿದು, ಇದ್ದಲ್ಲೇ ಒತ್ತಿ ಬಿಡಬೇಕು. ನಿಧಾನ ಆಗುತ್ತೆ, ಆಗಲಿ.

ಈಗ ಮಿಷನ್. ಮಿಷನ್ ಹಾಲನ್ನ ಹಿಂಡಲ್ಲ, ಕೆಳಗಿಂದ ಹೀರುತ್ತೆ. ನೂರು ವರ್ಷಕ್ಕೂ ಹಿಂದಿನ ಮೊದಮೊದಲ ಮಿಷನ್‌ಗಳು ಬಿಡುವೇ ಕೊಡದೆ ಹೀರ್ತಿದ್ವು, ತೊಟ್ಟಿನ ತುದಿಗೆ ರಕ್ತ ಇಳಿದು ಊದಿಕೊಳ್ತಿತ್ತು. 1895ರ ಸುಮಾರಿಗೆ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹೀರೋದು, ಬಿಡೋದು ಮಾಡೋ ಪಲ್ಸೇಟರ್ ಇರೋ ಮಿಷನ್ ಬಂದ ಮೇಲೇ ಹಸ ಅದನ್ನ ತಡ್ಕೊಳ್ಳೋ ಹಾಗಾಗಿದ್ದು. ಕಪ್ಪಿನ ಒಳಗಿನ ರಬ್ಬರ್ ಲೈನರ್ ತೆರೆದಾಗ ಹಾಲು ಬರುತ್ತೆ, ಮುಚ್ಚಿದಾಗ ತೊಟ್ಟಿನ ತುದಿ ಅಮುಕಿ ಇಳಿದ ರಕ್ತವನ್ನ ಮೇಲಕ್ಕೆ ತಳ್ಳುತ್ತೆ. ಈ ಅಮುಕೋದು ನಿಂತರೆ ಅಥವಾ ಹೀರೋದು ಅತಿಯಾದರೆ, ಬಾಗಿಲು ತನ್ನನ್ನ ತಾನು ಕಾಪಾಡಿಕೊಳ್ಳೋಕೆ ಮೇಣ ದಪ್ಪ ಮಾಡ್ಕೊಳ್ಳುತ್ತೆ. ಗೌರಿಯ ಬಿಳೀ ಉಂಗುರ ಅದೇ. ನಮ್ಮ ಕೈಗೆ ಗುದ್ದಲಿ ಹಿಡಿದು ಕಾಯಿ ಕಟ್ಟೋ ಹಾಗೆ, ತೊಟ್ಟಿಗೂ ಕಾಯಿ ಕಟ್ಟುತ್ತೆ. ಆ ಒರಟು ಬಿರುಕಲ್ಲಿ ಕ್ರಿಮಿ ಮನೆ ಮಾಡುತ್ತೆ.

ಡಾಕ್ಟ್ರು ಅವತ್ತು ಮಿಷನ್ ಓಡಿಸಿ ಅಂದರು. ಗೇಜ್ ನೋಡಿದರೆ 58 kPa ತೋರಿಸ್ತಿತ್ತು. ನಮ್ಮ ಬಕೆಟ್ ಮಿಷನ್ನಿನ ಪುಸ್ತಕದಲ್ಲಿ ಬರೆದಿರೋದು 42ರಿಂದ 45. ಹಳೇ ಗೇಜ್ ಇದ್ದೋರಿಗೆ ಅದು ಇಂಚಲ್ಲಿ ಹನ್ನೆರಡೂವರೆಯಿಂದ ಹದಿಮೂರು ಚಿಲ್ಲರೆ ಆಗುತ್ತೆ. ನಿಮ್ಮ ಮಿಷನ್ ಬೇರೆ ಥರದ್ದಾದರೆ ಅಂಕಿ ಸ್ವಲ್ಪ ಆಚೀಚೆ ಇರುತ್ತೆ, ಅದರ ಪುಸ್ತಕದಲ್ಲಿರೋದೇ ಲೆಕ್ಕ. ನನ್ನದು ಏರಿದ್ದು ಎರಡು ಕಾರಣಕ್ಕೆ. ಫಿಟ್ ಮಾಡೋಕೆ ಬಂದ ಹುಡುಗ "ಜಾಸ್ತಿ ಇಟ್ರೆ ಬೇಗ ಮುಗಿಯುತ್ತಣ್ಣ" ಅಂತ ಸ್ವಲ್ಪ ಏರಿಸಿ ಹೋಗಿದ್ದ. ಮಿಕ್ಕಿದ್ದು ನನ್ನ ಸೋಮಾರಿತನ. ಗಾಳಿ ಒಳಗೆ ಬಿಟ್ಟು ಒತ್ತಡ ಸರಿ ಇಡೋ ರೆಗ್ಯುಲೇಟರ್‌ನ ಜರಡಿಗೆ ರಾಗಿ ಹುಲ್ಲಿನ ಧೂಳು ಕಟ್ಟಿಕೊಂಡಿತ್ತು, ಗಾಳಿ ಹೋಗ್ತಾನೇ ಇರಲಿಲ್ಲ. ಬಿಚ್ಚಿ, ಊದಿ, ಒರೆಸಿ ಹಾಕಿದ ಕೂಡಲೇ ಮುಳ್ಳು 50ಕ್ಕೆ ಬಂತು. ಸ್ಕ್ರೂ ತಿರುಗಿಸಿ 44ಕ್ಕೆ ಇಟ್ಟರು.

ಪಲ್ಸೇಟರ್ ನೋಡೋ ವಿಧಾನಾನೂ ಅವತ್ತೇ ಹೇಳಿಕೊಟ್ಟರು. ಕೈ ತೊಳ್ಕೊಂಡು, ಮಿಕ್ಕ ಮೂರು ಕಪ್ಪಿನ ಗಾಳಿ ಹೋಗದ ಹಾಗೆ ಮಡಚಿ ಬಿಟ್ಟು, ಒಂದು ಕಪ್ಪಿನೊಳಗೆ ಹೆಬ್ಬೆರಳು ಇಡಿ. ಲೈನರ್ ಬೆರಳನ್ನ ಹಿಸುಕೋದು ಗೊತ್ತಾಗುತ್ತೆ. ಮೊಬೈಲಲ್ಲಿ ಒಂದು ನಿಮಿಷ ಹಾಕಿ ಎಣಿಸಿ. 60ರ ಆಸುಪಾಸು ಇರಬೇಕು. ನನ್ನದು 43 ಇತ್ತು, ಅದರ ಗಾಳಿ ತೂತಿಗೂ ಧೂಳು. ಅಂದ್ರೆ ನನ್ನ ಮಿಷನ್ ಜಾಸ್ತಿ ಹೀರಿ, ಕಮ್ಮಿ ಬಿಡುವು ಕೊಡ್ತಿತ್ತು. ನನ್ನ ಬೆರಳು ಒಂದು ನಿಮಿಷಕ್ಕೇ ಜುಮ್ ಅಂತು. ಗೌರಿ ಅದನ್ನ ಹತ್ತು ನಿಮಿಷ ತಡ್ಕೊಂಡಿತ್ತು, ಅದೂ ಕಾಲು ಕಟ್ಟಿಸ್ಕೊಂಡು.

ಹತ್ತು ನಿಮಿಷ ಯಾಕೆ ಅಂದ್ರೆ, ನಾನು ಮಿಷನ್ ಹಾಕಿ ಫೀಡ್ ಕಲಸೋಕೆ ಹೋಗ್ತಿದ್ದೆ. ಎಂಟು ಲೀಟರ್ ಹಸಕ್ಕೆ ಐದಾರು ನಿಮಿಷ ಸಾಕು. ಮುಂದಿನ ತೊಟ್ಟುಗಳಲ್ಲಿ ಹಿಂದಿನದಕ್ಕಿಂತ ಹಾಲು ಕಮ್ಮಿ, ಅವು ಮೊದಲು ಖಾಲಿ ಆಗ್ತವೆ. ಗೌರಿಗೆ ಮುಂದಿನ ತೊಟ್ಟುಗಳೇ ಜಾಸ್ತಿ ಕೆಟ್ಟಿದ್ದು ಇದಕ್ಕೇ. ಹಾಲು ನಿಂತ ಮೇಲೆ ತೊಟ್ಟು ಮೆತ್ತಗಾಗುತ್ತೆ, ಕಪ್ಪು ಮೇಲಕ್ಕೆ ಹತ್ತಿ ತೊಟ್ಟಿನ ಬುಡ ಕಚ್ಚುತ್ತೆ, ಮೇಲಿಂದ ಹಾಲು ಬರೋ ದಾರೀನೂ ಮುಚ್ಚುತ್ತೆ. ಆಮೇಲೆ ಅದು ಹೀರ್ತಿರೋದು ಬರೀ ಮಾಂಸ. ಹಸ ಕಾಲು ಎತ್ತೋದು ಆ ಹೊತ್ತಲ್ಲೇ. ಮಿಷನ್ ಮೇಲಿನ ಪಾರದರ್ಶಕ ಪೈಪಲ್ಲಿ ಧಾರೆ ಹೋಗಿ ತೊಟ್ಟಿಕ್ಕೋ ಹಾಗಾದರೆ ಮುಗೀತು ಅಂತ. ತೊಟ್ಟಿಗೆ ಒಂದು ಲೋಟ ಹಾಲು ಒಳಗೆ ಉಳಿದರೆ ಏನೂ ನಷ್ಟ ಇಲ್ಲ, ಸಂಜೆಗೆ ಸಿಗುತ್ತೆ. ಅದಕ್ಕಾಗಿ ಕಪ್ಪಿನ ಮೇಲೆ ಕೈ ಇಟ್ಟು ಅದುಮೋದು, ಮಿಷನ್ ತೆಗೆದ ಮೇಲೆ ಎರಡು ಬೆರಳಲ್ಲಿ ಕಡೇ ತೊಟ್ಟೂ ಎಳೆಯೋದು, ಎರಡನ್ನೂ ಬಿಟ್ಟೆ. ಮಿಷನ್ನಿನಿಂದ ಆಯಾಸ ಆಗಿರೋ ತುದಿಗೆ ಮತ್ತೆ ಬೆರಳ ಏಟು ಬೀಳೋದು ಬೇಡ.

ತೆಗೆಯೋವಾಗ ಕಪ್ಪನ್ನ ಹಿಡಿದು ಕಿತ್ತು ತೆಗೀಬೇಡಿ. ಮೊದಲು ವ್ಯಾಕ್ಯೂಮ್ ವಾಲ್ವ್ ಮುಚ್ಚಿ, ಎರಡು ಸೆಕೆಂಡ್ ಕಾಯಿರಿ, ನಾಲ್ಕೂ ಕಪ್ಪು ತಾವೇ ಸಡಿಲ ಆಗಿ ಕೈಗೆ ಬರ್ತವೆ. ಕರೆಂಟು ಹೋದಾಗಲೂ ಇದೇ. ನಮ್ಮಲ್ಲಿ ಸಂಜೆ ಕರೆಂಟು ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ. ವ್ಯಾಕ್ಯೂಮ್ ಇಳೀತಾ ಕಪ್ಪು ಜಾರಿ ಗಾಳಿ ನುಗ್ಗಿದರೆ, ಕೆಳಗಿನ ಕೊಳೆ ಹಾಲಿನ ಹನಿ ವಾಪಸ್ ತೊಟ್ಟಿನ ನಾಳಕ್ಕೆ ಚಿಮ್ಮುತ್ತೆ. ಕರೆಂಟು ಬರಲಿ ಅಂತ ಕಾಯದೆ ವಾಲ್ವ್ ಮುಚ್ಚಿ ತೆಗೆದು, ಮಿಕ್ಕಿದ್ದನ್ನ ಮುಷ್ಟಿ ಕೈಲಿ ಮುಗಿಸಿ. ಅದಕ್ಕೇ ಮಿಷನ್ ಇದ್ದ ಮನೇಲೂ ಕೈ ಕೆಲಸ ಗೊತ್ತಿರಬೇಕು ಅನ್ನೋದು.

ಲೈನರ್ ವಿಷಯ ಒಂದು ಮಾತು. ರಬ್ಬರ್ ಲೈನರ್ ಸುಮಾರು 2500 ಹಸ ಕರೆಯೋವರೆಗೆ ಅಥವಾ ಆರು ತಿಂಗಳು, ಯಾವುದು ಮೊದಲೋ ಅಲ್ಲಿಗೆ ಬದಲಾಯಿಸಬೇಕು. ನನಗೆ ನಾಲ್ಕು ಹಸ, ಎರಡು ಹೊತ್ತು, ದಿನಕ್ಕೆ ಎಂಟು. 2500 ಆಗೋಕೆ ಹತ್ತು ತಿಂಗಳು ಬೇಕು, ಹಾಗಾಗಿ ನನಗೆ ಆರು ತಿಂಗಳ ಲೆಕ್ಕ. ಒಂದೇ ಸೆಟ್ಟಲ್ಲಿ ಹತ್ತು ಹಸ ಕರೆಯೋರಿಗೆ ನಾಲ್ಕು ತಿಂಗಳಿಗೇ ಮುಗಿಯುತ್ತೆ. ಹೊರಗಿಂದ ಚೆನ್ನಾಗೇ ಕಾಣುತ್ತೆ, ಒಳಗೆ ಬೆರಳು ಹಾಕಿ ನೋಡಿದರೆ ಒರಟು, ಸಣ್ಣ ಬಿರುಕು.

ಕೈಗೂ ಮಿಷನ್ನಿಗೂ ಎರಡಕ್ಕೂ ಸೇರಿದ್ದು ಇನ್ನೆರಡು ಇವೆ. ಮೊದಲನೇದು, ಹಸ ಸೊರ ಬಿಡೋವರೆಗೂ ಕಾಯೋದು. ತೊಟ್ಟು ಒರೆಸಿ, ಒಂದೊಂದರಿಂದ ಮೂರು ನಾಲ್ಕು ಧಾರೆ ಕಪ್ಪು ಬಟ್ಟೆ ಮೇಲೆ ಹಿಂಡಿ ಗರಣೆ ಇದೆಯಾ ನೋಡಿ, ಆಮೇಲೆ ಬೇರೆ ಒಣ ಬಟ್ಟೇಲಿ ಒರೆಸಿ. ಮೊದಲು ಮುಟ್ಟಿದಾಗಿಂದ ಒಂದು, ಒಂದೂವರೆ ನಿಮಿಷಕ್ಕೆ ಹಾಲು ಇಳಿಯುತ್ತೆ, ತೊಟ್ಟು ತುಂಬಿ ಬಿಗಿಯಾಗುತ್ತೆ. ಆಗ ಕಪ್ಪು ಹಾಕಿ, ಇಲ್ಲಾ ಕೈ ಹಾಕಿ. ಅದಕ್ಕೂ ಮುಂಚೆ ಹಾಕಿದರೆ ಖಾಲಿ ತೊಟ್ಟಿನ ಮೇಲೇ ಶುರು ಮಾಡಿದ ಹಾಗೆ. ಇಳಿದ ಮೇಲೆ ಆರೇಳು ನಿಮಿಷದಲ್ಲಿ ಮುಗಿಸಿ, ಆಮೇಲೆ ಅದು ತಾನೇ ಕಟ್ಟಿಕೊಳ್ಳುತ್ತೆ.

ಎರಡನೇದು, ಕರೆದ ಮೇಲೆ ಬಾಗಿಲು ಅರ್ಧ ಗಂಟೆ, ಕೆಲವು ಸಲ ಇನ್ನೂ ಹೆಚ್ಚು ಹೊತ್ತು ತೆರೆದೇ ಇರುತ್ತೆ. ಗ್ಲಿಸರಿನ್ ಸೇರಿರೋ ಅಯೋಡಿನ್ ಟೀಟ್ ಡಿಪ್ ಅಂಗಡೀಲಿ ಸಿದ್ಧ ಸಿಗುತ್ತೆ, ಸಣ್ಣ ಲೋಟದಲ್ಲಿ ಹಾಕಿ ತೊಟ್ಟು ಪೂರ್ತಿ ಮುಳುಗಿಸಿ. ಮಿಕ್ಕಿದ್ದನ್ನ ಚೆಲ್ಲಿ, ವಾಪಸ್ ಕ್ಯಾನಿಗೆ ಸುರೀಬೇಡಿ. ಹಸಿ ಮೇವು ಆ ಹೊತ್ತಿಗೆ ಹಾಕಿ, ತಿಂತಾ ನಿಂತಿರಲಿ, ಕೂತ್ಕೊಳ್ಳೋದು ತಡ ಆಗಲಿ.

ಗಂಟಾಗಿ ಧಾರೆ ಕಟ್ಟಿದರೆ ಬೇವಿನ ಕಡ್ಡಿ, ಪಿನ್ನು, ಸೈಕಲ್ ಕಡ್ಡಿ ಅಂತ ಏನೂ ಚುಚ್ಚಬೇಡಿ. ಇರೋ ಒಂದು ಬಾಗಿಲನ್ನೂ ನಾವೇ ಹರಿದ ಹಾಗೆ. ಲಕ್ಷ್ಮಿಗೆ ನಾನು ಆ ತಪ್ಪೂ ಮಾಡಿದ್ದೆ. ಧಾರೆ ಸಣ್ಣ ಆದ ವಾರದಲ್ಲೇ ಡಾಕ್ಟ್ರಿಗೆ ತೋರಿಸಿದ್ದರೆ ತೊಟ್ಟು ಉಳೀತಿತ್ತೇನೋ.

ಗೌರಿ ಏನಾಯ್ತು ಅಂತ ಹೇಳಿ ಮುಗಿಸ್ತೀನಿ. ಡಾಕ್ಟ್ರು ಹೇಳಿದಷ್ಟು ದಿನ ಅದರ ಹಾಲು ಡೈರಿಗೆ ಹಾಕಲಿಲ್ಲ, ಕಪ್ಪು ಹಾಕದೆ ಮುಷ್ಟಿ ಕೈಲಿ ಕರೆದು ಹೊರಗೆ ಚೆಲ್ಲಿದೆ. ಟ್ಯೂಬಿನ ಮೂತೀನ ಪೂರ್ತಿ ತಳ್ಳದೆ, ತುದಿ ಮಾತ್ರ ಒಳಗೆ ಹೋಗೋ ಹಾಗೆ ಹಾಕೋದನ್ನ ಅವರೇ ತೋರಿಸಿದರು. ಬಾವು ಇಳಿದ ಮೇಲೆ 44ರಲ್ಲಿ ಮಿಷನ್ ಮತ್ತೆ ಶುರು ಮಾಡಿದೆ, ಪಕ್ಕದಲ್ಲೇ ಕೂತು. ಮೂರನೇ ದಿನಕ್ಕೆ ಹಗ್ಗ ಬೇಕಾಗಲಿಲ್ಲ. ಬಿಳೀ ಉಂಗುರ ಮಾತ್ರ ಅಷ್ಟು ಬೇಗ ಹೋಗಲಿಲ್ಲ, ನಯ ಆಗೋಕೆ ಹತ್ತಿರ ಹತ್ತಿರ ಎರಡು ತಿಂಗಳು ಹಿಡೀತು. ಮುಂದಿನ ಎಡ ತೊಟ್ಟಿನ ಹಾಲು ಮೊದಲಿನಷ್ಟು ವಾಪಸ್ ಬರಲೇ ಇಲ್ಲ. ಈಗ ಎರಡೂ ಹೊತ್ತು ಸೇರಿ ಹನ್ನೆರಡೂವರೆ ಲೀಟರ್. ಆ ಒಂದೂವರೆ ಲೀಟರ್ ನಾನು ಕಳೆದಿದ್ದು.

ಈಗ ಪ್ರತಿ ಭಾನುವಾರ ಬೆಳಿಗ್ಗೆ ಮಿಷನ್ ತೆಗೆದ ಕೂಡಲೇ ಟಾರ್ಚ್ ಹಿಡಿದು ಹದಿನಾರು ತೊಟ್ಟೂ ನೋಡ್ತೀನಿ, ಲಕ್ಷ್ಮಿಯ ಕಟ್ಟಿಹೋದದ್ದೂ ಸೇರಿಸಿ. ತುದಿ ಮೆತ್ತಗಿದ್ದು ಬಣ್ಣ ಬದಲಾಗದೆ ಇದ್ದರೆ ಸರಿ. ನೀಲಿ ಬಣ್ಣ, ಬುಡದಲ್ಲಿ ಬಿಗಿ ಉಂಗುರದ ಗುರುತು, ಚಪ್ಪಟೆ ಆದ ತುದಿ ಕಂಡರೆ ಅವತ್ತೇ ಗೇಜ್ ನೋಡ್ತೀನಿ, ರೆಗ್ಯುಲೇಟರ್ ಬಿಚ್ತೀನಿ, ಬೆರಳು ಹಾಕಿ ಎಣಿಸ್ತೀನಿ. ಅಮ್ಮನೂ ಬಗ್ಗಿ ನೋಡ್ತಾರೆ. ಮೊನ್ನೆ ಕರೆಂಟು ಹೋಗಿದ್ದ ದಿನ ಅವರೇ ಗೌರಿ ಹತ್ರ ಕೂತ್ರು. ನಾನು ಏನೂ ಹೇಳಿರಲಿಲ್ಲ, ಹೆಬ್ಬೆರಳು ಹೊರಗೇ ಇತ್ತು.